ಐಡಿ ಬ್ಲಾಕ್: ಕ್ಷಮೆ ಬೇಡ, ಲೆಕ್ಕ ಕೇಳಿ

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಊಟ ತಲುಪಿಸುವ ಹುಡುಗನ ಐಡಿ ಬ್ಲಾಕ್ ಆದರೆ, ಅವನು ಬರೆಯುವ ಮನವಿ ಕ್ಷಮಾಪಣೆಯಿಂದಲೇ ಶುರುವಾಗುವುದುಂಟು: ‘ಸರ್, ಮನೆ ನಡೆಯುವುದು ಇದರಿಂದಲೇ, ಇನ್ನೊಮ್ಮೆ ಹೀಗಾಗುವುದಿಲ್ಲ’. ತಪ್ಪೇನೆಂದು ತಿಳಿಯುವ ಮೊದಲೇ ತಪ್ಪೊಪ್ಪಿಕೊಂಡ ಆ ಪತ್ರ ಅವನಿಗೇ ಮುಳುವಾಗುತ್ತದೆ.

2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ವರ್ಷ ಶಾಸನಸಭೆಯ ಒಪ್ಪಿಗೆ ಪಡೆದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಈ ಪತ್ರದ ಧಾಟಿಯನ್ನೇ ಬದಲಿಸಬೇಕಿತ್ತು. ಕೆಲಸದಿಂದ ತೆಗೆಯುವ ಮುನ್ನ ಕಂಪನಿ ಲಿಖಿತ ಕಾರಣ ಕೊಡಬೇಕು, 14 ದಿನ ಮೊದಲೇ ತಿಳಿಸಬೇಕು ಎಂದು ಅದು ಹೇಳುತ್ತದೆ. ರೇಟಿಂಗ್ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ಕೇಳುವ ಹಕ್ಕನ್ನೂ ಕಾರ್ಮಿಕನಿಗೆ ಕೊಟ್ಟಿದೆ. ಹಾಗಾಗಿ ಪತ್ರದ ಮೊದಲ ಸಾಲು ‘ಕಾರಣವನ್ನು ಬರಹದಲ್ಲಿ ಕೊಡಿ’ ಎಂದಿರಬೇಕು.

ಎರಡನೆಯದು ಗಣಿತ. ರೈಡರ್‌ನ ರೇಟಿಂಗ್ ಕಳೆದ 50 ಗ್ರಾಹಕರು ಕೊಟ್ಟದ್ದರ ಸರಾಸರಿ, ಅದು 4.6 ಇದೆ ಎಂದುಕೊಳ್ಳೋಣ. ಐದು ನಕ್ಷತ್ರ ಬರಬೇಕಿದ್ದ ಕಡೆ ಒಂದೇ ಬಂದರೆ ಸರಾಸರಿ 4.52ಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ ಸಿಕ್ಕವರು ಹತ್ತೇ ಮಂದಿಯಾಗಿದ್ದರೆ ಅದೇ ಒಂದು ನಕ್ಷತ್ರ ಅವನನ್ನು 4.2ಕ್ಕೆ ತಳ್ಳುತ್ತದೆ. ಬೆಂಗಳೂರಿಗಿಂತ ಆರ್ಡರ್ ಕಡಿಮೆ ಇರುವ ಊರಿನಲ್ಲಿ ಒಬ್ಬ ಗ್ರಾಹಕನ ಸಿಟ್ಟಿಗೆ ಇಷ್ಟು ತೂಕವಿದೆ. ಎಷ್ಟು ರೇಟಿಂಗ್‌ಗಳ ಸರಾಸರಿ, ಯಾವ ಅವಧಿಯದು, ಮಿತಿ ಎಷ್ಟು ಎಂದು ಪತ್ರ ಕೇಳಲೇಬೇಕು.

ಮೂರನೆಯದು ದೂರು ಬಂದ ಆರ್ಡರ್‌ನ ಸಮಯ. ಬಿ.ಎಚ್. ರಸ್ತೆಯ ಹೋಟೆಲಿನಿಂದ ನ್ಯೂಟೌನ್‌ಗೆ ಊಟ ತಡವಾಯಿತೆಂಬುದು ದೂರು ಎಂದಿಟ್ಟುಕೊಳ್ಳಿ. ರೈಡರ್ ಹೋಟೆಲ್ ತಲುಪಿದ್ದು 8.10ಕ್ಕೆ, ಪೊಟ್ಟಣ ಕೈಸೇರಿದ್ದು 8.32ಕ್ಕೆ, ಗ್ರಾಹಕರ ಬಾಗಿಲು ತಲುಪಿದ್ದು 8.44ಕ್ಕೆ. ತಡವಾದದ್ದು ಅಡುಗೆಮನೆಯಲ್ಲಿ, ನಕ್ಷತ್ರ ಕಳೆದುಕೊಂಡವನು ರೈಡರ್. ಈ ಸಮಯಗಳೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿರುತ್ತವೆ. ಐಡಿ ಬ್ಲಾಕ್ ಆದರೆ ಅವನ ಫೋನಿನಲ್ಲಿ ಅವು ಸಿಗದೆ ಹೋಗಬಹುದು. ಅದಕ್ಕೇ ವಿವಾದದ ವಾಸನೆ ಬಂದ ಕೂಡಲೇ ಆರ್ಡರ್ ಸಂಖ್ಯೆ, ಸಮಯ, ಗ್ರಾಹಕರಿಗೆ ಮಾಡಿದ ಕರೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಅಗತ್ಯ.

ಕೊನೆಯದಾಗಿ, ಐಡಿ ಬ್ಲಾಕ್ ಮಾಡುವ ತೀರ್ಮಾನವನ್ನು ಒಬ್ಬ ಮನುಷ್ಯ ನೋಡಿದ್ದಾನೆಯೇ ಎಂಬ ಪ್ರಶ್ನೆ. ಆಮ್‌ಸ್ಟರ್‌ಡಾಮ್‌ನ ಮೇಲ್ಮನವಿ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ ಇದನ್ನೇ ಕೇಳಿತ್ತು. ಖಾತೆ ಮುಚ್ಚುವಲ್ಲಿ ಮನುಷ್ಯರ ಪಾತ್ರ ಹೆಸರಿಗಷ್ಟೇ ಇತ್ತೆಂದು ಹೇಳಿ, ಚಾಲಕರಿಗೆ ಮಾಹಿತಿ ಕೊಡಲು ಆದೇಶಿಸಿತ್ತು. ನಮ್ಮ ಕಾಯ್ದೆಯೂ ಕಾರ್ಮಿಕ ಮಾತಾಡಬಹುದಾದ ಒಬ್ಬ ಸಂಪರ್ಕ ವ್ಯಕ್ತಿ ಇರಬೇಕೆನ್ನುತ್ತದೆ. ಆ ವ್ಯಕ್ತಿಯ ಹೆಸರು ಕೇಳುವುದು ದುರಹಂಕಾರವಲ್ಲ.

ಒಂದು ಅಪಾಯ ಉಳಿದೇ ಇದೆ. ‘ತೆಗೆದಿಲ್ಲ, ತಾತ್ಕಾಲಿಕವಾಗಿ ತಡೆದಿದ್ದೇವೆ’ ಎಂದು ಹೇಳಿ ಕಂಪನಿಗಳು 14 ದಿನಗಳ ನಿಯಮದಿಂದ ನುಣುಚಿಕೊಳ್ಳಬಹುದು. ಆದಾಯ ನಿಂತವನಿಗೆ ಎರಡೂ ಒಂದೇ. ಕಾರಣ ಹೇಳದ ತಡೆಯನ್ನೂ ವಜಾ ಎಂದೇ ಪರಿಗಣಿಸಬೇಕೆಂದು ಕಾರ್ಮಿಕ ಇಲಾಖೆ ಸ್ಪಷ್ಟಪಡಿಸಲಿ. ಭದ್ರಾವತಿಯ ರೈಡರ್ ದೂರು ಹಿಡಿದು ಬೆಂಗಳೂರಿಗೆ ಅಲೆಯದಂತೆ, ಶಿವಮೊಗ್ಗದ ಕಚೇರಿಯಲ್ಲೇ ಅದನ್ನು ಸ್ವೀಕರಿಸಿ ರಸೀದಿ ಕೊಡಲಿ.