ಹಿಡಿದ ನಾಯಿಯನ್ನು ಮತ್ತೆ ಅಲ್ಲೇ ಯಾಕೆ ಬಿಡ್ತಾರೆ?

ಮಗುವಿನ ಮೇಲೆ ನಾಯಿ ಎರಗುವ ಸಿಸಿಟಿವಿ ವಿಡಿಯೊ ವಾಟ್ಸ್‌ಆ್ಯಪ್‌ ಗ್ರೂಪಿಗೆ ಬಂದರೆ ಸಾಕು, ಕೆಳಗೊಂದು ಪ್ರತಿಕ್ರಿಯೆ ಗ್ಯಾರಂಟಿ: ‘ಎಲ್ಲವನ್ನೂ ಕೊಂದುಹಾಕಿ’. ಆ ಸಿಟ್ಟು ನನಗೆ ಅರ್ಥವಾಗುತ್ತೆ. ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಎಂದು 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿದಾಗ ಖುಷಿಪಟ್ಟವರು ಕಡಿಮೆ ಇರಲಿಲ್ಲ. ಹನ್ನೊಂದೇ ದಿನದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ರೇಬಿಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು.

ಅಲ್ಲೇ ಯಾಕೆ ಬಿಡಬೇಕು ಅನ್ನೋ ಪ್ರಶ್ನೆಗೆ ಉತ್ತರ ಕರುಣೆಯಲ್ಲಿಲ್ಲ, ಲೆಕ್ಕದಲ್ಲಿದೆ. ಎಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಮಾಡಿಯೇ ನೋಡೋಣ.

ಒಂದು ವಾರ್ಡಿನಲ್ಲಿ 100 ನಾಯಿಗಳಿವೆ, ಅದರಲ್ಲಿ 70ಕ್ಕೆ ಲಸಿಕೆ ಆಗಿದೆ ಅಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿಯೂ ಶೇ 70. ಅಷ್ಟಾದರೆ ರೋಗ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುವ ಸರಪಳಿ ತುಂಡಾಗುತ್ತೆ. ಈಗ ಪಾಲಿಕೆಯವರು ಬಂದು 40 ನಾಯಿ ಕೊಂದರು. ಸಿಕ್ಕಸಿಕ್ಕದ್ದನ್ನು ಹಿಡಿದರೆ ಅದರಲ್ಲಿ 28 ಲಸಿಕೆ ಆದವೇ ಇರುತ್ತವೆ. ಉಳಿದ 60ರಲ್ಲಿ ಲಸಿಕೆ ಆದವು 42. ಆದರೆ ಹೋಟೆಲ್ಲಿನ ಹಿಂದಿನ ಎಲೆರಾಶಿ, ಕೋಳಿ ಅಂಗಡಿಯ ತ್ಯಾಜ್ಯ ಹಾಗೇ ಇದೆ. ತಿನ್ನೋ ಬಾಯಿ ಕಡಿಮೆಯಾಗಿದ್ದರಿಂದ ಮರಿಗಳು ಹೆಚ್ಚು ಬದುಕುತ್ತವೆ, ಪಕ್ಕದ ಬಡಾವಣೆಯ ನಾಯಿಗಳೂ ಬರುತ್ತವೆ. ಸಂಖ್ಯೆ ಮತ್ತೆ 100 ಮುಟ್ಟಿದಾಗ ಲಸಿಕೆಯ ಪ್ರಮಾಣ 70ರಿಂದ 42ಕ್ಕೆ ಇಳಿದಿರುತ್ತೆ. ದುಡ್ಡು ಖರ್ಚಾಯಿತು, ನಾಯಿ ಅಷ್ಟೇ ಇವೆ, ಅಪಾಯ ಜಾಸ್ತಿಯಾಯಿತು.

ಬೆಂಗಳೂರು ಇದನ್ನು ಮಾಡಿ ನೋಡಿದೆ. 2007ರಲ್ಲಿ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ಇಲ್ಲಿ ನಾಯಿಗಳನ್ನು ಹಿಡಿದು ಕೊಂದರು. 2019ರ ಗಣತಿ ಹೊತ್ತಿಗೆ ನಗರದಲ್ಲಿ ಸುಮಾರು 3.1 ಲಕ್ಷ ಬೀದಿನಾಯಿಗಳಿದ್ದವು. ಇಳಿಕೆ ಕಂಡದ್ದು 2023ರ ಗಣತಿಯಲ್ಲಿ: 2.79 ಲಕ್ಷ. ಆಗ ಶಸ್ತ್ರಚಿಕಿತ್ಸೆ ಆದವುಗಳ ಪ್ರಮಾಣ ಶೇ 70 ದಾಟಿತ್ತು.

ಇದು ರೋಗದ, ಸಂಖ್ಯೆಯ ಮಾತಾಯಿತು. ಕಡಿತ ಹೇಗೆ ಕಡಿಮೆಯಾಗುತ್ತೆ? ಅದಕ್ಕೆ ಜೈಪುರ ನೋಡಬೇಕು. ಅಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ 1994ರಿಂದ 2002ರವರೆಗೆ 24,986 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿತು. ಕಾರ್ಯಕ್ರಮ ನಡೆದ ಪ್ರದೇಶದ ಹೆಣ್ಣುನಾಯಿಗಳಲ್ಲಿ ಸುಮಾರು ಶೇ 65ಕ್ಕೆ ಆಗಿತ್ತು. ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿಯಿತು, ಅಲ್ಲಿ ಮನುಷ್ಯರಿಗೆ ರೇಬಿಸ್ ಬರುವುದು ನಿಂತಿತು. ಆಮೇಲೆ ನಗರದ ಮುಖ್ಯ ಸರ್ಕಾರಿ ಆಸ್ಪತ್ರೆಯ 2003ರಿಂದ 2011ರವರೆಗಿನ ದಾಖಲೆ ತೆಗೆದು ನೋಡಿದರೆ, ಕಚ್ಚಿಸಿಕೊಂಡು ಬರುವವರ ಸಂಖ್ಯೆಯೂ ಇಳಿಯುತ್ತ ಹೋಗಿತ್ತು.

ಆ ದಾಖಲೆಯಲ್ಲಿ ಇನ್ನೊಂದು ಸುಳಿವಿತ್ತು. ಕಡಿತಗಳು ವರ್ಷವಿಡೀ ಒಂದೇ ಸಮ ಇರಲಿಲ್ಲ. ನಾಯಿಗಳು ಮರಿ ಹಾಕುವ ಕಾಲದ ಜೊತೆಗೆ ಏರಿಳಿಯುತ್ತಿದ್ದವು. ಬಾಣಂತಿ ನಾಯಿ ಇರೋ ಮೋರಿ ಪಕ್ಕ ನಡೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮರಿ ಕಾಯುವ ತಾಯಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಬೆದೆಗೆ ಬಂದ ಹೆಣ್ಣಿನ ಹಿಂದೆ ಗಂಡುಗಳ ಗುಂಪು ಕಚ್ಚಾಡುತ್ತೆ, ನಡುವೆ ಹೋದವರಿಗೂ ಬೀಳುತ್ತೆ. ಗರ್ಭಕೋಶ, ಅಂಡಾಶಯ ತೆಗೆದರೆ ಈ ಎರಡೂ ಸಂದರ್ಭ ಇಲ್ಲ. ಮರಿಗಳು ಕಡಿಮೆಯಾದಷ್ಟೂ ಲಸಿಕೆ ಇಲ್ಲದ ಹೊಸ ನಾಯಿಗಳೂ ಕಡಿಮೆ. ಆದ್ದರಿಂದಲೇ ಎರಡೂ ಒಟ್ಟಿಗೆ ಆಗಬೇಕು.

ಹಾಗಂತ ಇದು ಮಂತ್ರವಲ್ಲ. ಶಸ್ತ್ರಚಿಕಿತ್ಸೆ ಆದ ನಾಯಿಯೂ ಕೆಣಕಿದರೆ ಕಚ್ಚುತ್ತೆ. ಮತ್ತೆ ಮತ್ತೆ ಜನರ ಮೇಲೆ ಬೀಳುವ ನಾಯಿಯನ್ನು ಬೀದಿಯಲ್ಲಿ ಇರಲು ಬಿಡಬಾರದು. ಫಲಿತಾಂಶಕ್ಕೆ ವರ್ಷಗಳು ಬೇಕು. ಕೆಲಸ ಕೆಡೋದು ಸಾಮಾನ್ಯವಾಗಿ ಎರಡು ಕಡೆ. ದೂರು ಬಂದಲ್ಲಿಗೆ ವ್ಯಾನ್ ಓಡಿಸಿ, ಊರಿಡೀ ಅಲ್ಲೊಂದು ಇಲ್ಲೊಂದು ನಾಯಿ ಹಿಡಿದರೆ ಯಾವ ವಾರ್ಡೂ ಶೇ 70 ಮುಟ್ಟುವುದಿಲ್ಲ. ಒಂದು ವಾರ್ಡು ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ಎರಡನೆಯದು, ಶಸ್ತ್ರಚಿಕಿತ್ಸೆಯ ದಿನ ಹಾಕಿದ ಲಸಿಕೆಯೇ ಕೊನೆಯದಾಗುವುದು. ಅದನ್ನು ಪ್ರತಿವರ್ಷ ಹಾಕಬೇಕು.

ನಿಮ್ಮ ಪಾಲಿಕೆ ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಆರ್‌ಟಿಐ ಹಾಕಬೇಕಿಲ್ಲ. ಬೆಳಗಿನ ಜಾವ ವಾಕಿಂಗ್ ಹೋದಾಗ ನಾಯಿಗಳ ಕಿವಿ ನೋಡಿ. ಶಸ್ತ್ರಚಿಕಿತ್ಸೆ ಆದ ನಾಯಿಯ ಒಂದು ಕಿವಿಯ ತುದಿ ಕತ್ತರಿಸಿರುತ್ತಾರೆ. ಹತ್ತು ನಾಯಿಯಲ್ಲಿ ಏಳಕ್ಕೆ ಆ ಗುರುತಿದೆಯಾ? ಹಾಲೂಡಿಸುವ ನಾಯಿಗಳು ಹೋದ ವರ್ಷಕ್ಕಿಂತ ಕಡಿಮೆ ಇವೆಯಾ? ಇಲ್ಲ ಅಂದ್ರೆ ಕಾರ್ಪೊರೇಟರ್ ಬಳಿ ಕೇಳಬೇಕಾದ್ದು ‘ಯಾಕೆ ಕೊಲ್ಲಲಿಲ್ಲ’ ಅಂತಲ್ಲ, ‘ಈ ವಾರ್ಡು ಯಾವಾಗ ಮುಗಿಸ್ತೀರಿ’ ಅಂತ.