ಕಾಳೋ, ಕಾಲೋ?

ಸಿರಾ ಹತ್ತಿರ ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟಿರುವ ನಮ್ಮ ನೆಂಟರ ಹುಡುಗ ಮೊನ್ನೆ ಊರಿಗೆ ಬಂದಾಗ ಒಂದು ಕಾರ್ಡ್ ಕೈಗಿಟ್ಟ. "ಕಾಕ, ಮೆನು ಇಂಗ್ಲಿಷಲ್ಲಿ ಮಾಡಿಸಿದ್ದೇನೆ. ಪ್ರಿಂಟ್‌ಗೆ ಕೊಡುವ ಮೊದಲು ಒಮ್ಮೆ ನೋಡಿ." ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು ಬರುವವರು, ಪಾವಗಡದ ಸೋಲಾರ್ ಪಾರ್ಕಿನ ಕೆಲಸಕ್ಕೆ ಹೊರರಾಜ್ಯಗಳಿಂದ ಬರುವವರು, ಎಲ್ಲರೂ ಅವನ ಗಿರಾಕಿಗಳೇ.

ಕಾರ್ಡಿನಲ್ಲಿ ಮುದ್ದೆ 'ರಾಗಿ ಬಾಲ್' ಆಗಿತ್ತು. ಓದಿದವರು ಲಡ್ಡು ಎಂದುಕೊಂಡಾರು. ತಟ್ಟೆ ಇಡ್ಲಿ 'ಪ್ಲೇಟ್ ಇಡ್ಲಿ' ಆಗಿತ್ತು. ಒಂದು ಪ್ಲೇಟ್ ತುಂಬ ಇಡ್ಲಿ ಬರುತ್ತದೆಂದು ಕಾದವನ ಮುಂದೆ ಒಂದೇ ಒಂದು ಅಗಲದ ಇಡ್ಲಿ ಇಟ್ಟರೆ ಅವನು ಸುಮ್ಮನಿರುತ್ತಾನಾ?

ನನ್ನ ಲೆಕ್ಕ ಇಷ್ಟೇ. ಗಿರಾಕಿ ಬಾಯಲ್ಲಿ ಹೇಳಿದ ಹೆಸರು ಸಪ್ಲೈಯರ್ ಮೂಲಕ ಅಡುಗೆಮನೆಗೆ ಹಾಗೇ ಮುಟ್ಟಬೇಕು. 'ಫಿಂಗರ್ ಮಿಲ್ಲೆಟ್ ಡಂಪ್ಲಿಂಗ್' ಎಂದರೆ ಒಳಗಿನ ಭಟ್ಟನಿಗೆ ಏನು ಅರ್ಥವಾದೀತು? ಆದ್ದರಿಂದ ಹೆಸರು ಮುದ್ದೆ ಎಂದೇ ಇರಲಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಾಕು: ಕುದಿಯುವ ನೀರಲ್ಲಿ ರಾಗಿ ಹಿಟ್ಟು ಬೇಯಿಸಿ ಕಟ್ಟಿದ್ದು, ಸಿಹಿಯಲ್ಲ, ಸಾರಿಗೆ ಅದ್ದಿ ಅಗಿಯದೆ ನುಂಗುವುದು. ಬಸ್ಸಾರಿಗೂ ಹಾಗೆಯೇ. ಸೊಪ್ಪು, ಬೇಳೆ ಬೇಯಿಸಿ ಬಸಿದ ನೀರಿಗೆ ಮಸಾಲೆ ಹಾಕಿದ್ದು ಎನ್ನಿ. 'ಸೂಪ್' ಎಂದರೆ ಮಾತ್ರ ಕೆಟ್ಟಿತು, ಮುದ್ದೆ ಬರುವ ಮೊದಲೇ ಸ್ಪೂನಿನಲ್ಲಿ ಕುಡಿದು ಮುಗಿಸುತ್ತಾರೆ. ಮೊಸರನ್ನ, ಮಜ್ಜಿಗೆಗೆ ಈ ಗೊಡವೆ ಬೇಡ. ಕರ್ಡ್ ರೈಸ್, ಬಟರ್ ಮಿಲ್ಕ್ ಎಂದರೆ ಗಿರಾಕಿಗೂ ಗೊತ್ತು, ಭಟ್ಟನಿಗೂ ಗೊತ್ತು.

ಆದರೆ ಹೆಸರನ್ನು ಹಾಗೇ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದರೆ ಎಡವಟ್ಟಾಗುವ ಜಾಗವೂ ಇದೆ. ಅವನ ಕಾರ್ಡಿನಲ್ಲಿ 'ಕಾಲು ಸಾರು' ಎರಡು ಕಡೆ ಇತ್ತು. ಒಂದು ಹುರುಳಿಕಾಳಿನದು, ಇನ್ನೊಂದು ಕುರಿಯ ಕಾಲಿನದು. ನಮ್ಮ 'ಳ'ಕ್ಕೂ 'ಲ'ಕ್ಕೂ ಇಂಗ್ಲಿಷಲ್ಲಿ ಇರುವುದು ಒಂದೇ ಅಕ್ಷರ. ಹಳೆಯ ಕಾರ್ಡಲ್ಲೂ ಹಾಗೇ ಇತ್ತಂತೆ. "ಒಮ್ಮೆ ಮಾಂಸ ಮುಟ್ಟದವರ ಟೇಬಲಿಗೇ ಕಾಲು ಹೋಯ್ತು ಕಾಕ, ಕೈಮುಗಿದು ಬೇಡಿಕೊಂಡೆ" ಎಂದ. ಹಂದಿ ಸೋಂಕಿದ ತಟ್ಟೆ ನಮ್ಮ ಮುಂದೆ ಬಂದರೆ ಹೇಗಿರುತ್ತದೋ, ಅವರಿಗೆ ಅದೂ ಹಾಗೇ.

ಇಲ್ಲಿ ಹೆಸರನ್ನೇ ಬದಲಿಸಬೇಕು. ಕಾಳಿನದಕ್ಕೆ ಹುರುಳಿ ಸಾರು ಎಂದು ಬರೆಸಿದೆ. ಕಾಲಿನದಕ್ಕೆ ಉತ್ತರದವರಿಗೂ ಗೊತ್ತಿರುವ 'ಪಾಯ', ಕೆಳಗೆ 'ಕುರಿಯ ಕಾಲು' ಎಂದು ಬಿಡಿಸಿ. ಬರೀ ಮಟನ್ ಎಂದರೆ ಸಾಲದು. ನಮ್ಮಲ್ಲಿ ಆಡಿಗೂ ಕುರಿಗೂ ಅದೇ ಮಾತು. ಬೋಟಿಯನ್ನೂ ಮುಚ್ಚಿಡಬಾರದು, ಕರುಳು ಅಂತ ಹೇಳಿಯೇ ಬಿಡಬೇಕು. ಒಂದಿಬ್ಬರು ಬೇಡ ಅಂದಾರು, ತಟ್ಟೆಯಂತೂ ವಾಪಸ್ ಬರಲಿಕ್ಕಿಲ್ಲ.

ಕಾರ್ಡಿನ ತುದಿಯಲ್ಲಿ ನಮ್ಮ ಪತ್ತಿರ್ ಕೂಡ ಇತ್ತು, 'ರೈಸ್ ಚಪಾತಿ' ಅಂತ! ಹೊಡೆದುಹಾಕಿ ಪತ್ತಿರ್ ಎಂದೇ ಬರೆದೆ. ಕೆಳಗೆ, ಅಕ್ಕಿ ಹಿಟ್ಟಿನ ರೊಟ್ಟಿ.