‘ಅವಗಾಹನೆಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ’ ಅನ್ನೋ ಪತ್ರಗಳ ಬಗ್ಗೆ ನನ್ನ ತಕರಾರು

ಒಂದು ಸಾಲಿನ ಮೇಲೆ ನನಗೆ ತುಂಬಾ ದಿನದಿಂದ ಸಿಟ್ಟಿದೆ. “ತಮ್ಮ ಅವಗಾಹನೆಗಾಗಿ ಮತ್ತು ಮುಂದಿನ ಸೂಕ್ತ ಕ್ರಮಕ್ಕಾಗಿ ಈ ಮೂಲಕ ಸಲ್ಲಿಸಲಾಗಿದೆ.” ಪರಿಸರ ಅನುಮತಿ ಪಡೆದ ಯೋಜನೆಗಳ ಅನುಪಾಲನಾ ವರದಿ ತಯಾರಿಸೋದು ನನ್ನ ಹೊಟ್ಟೆಪಾಡು. ನೂರು ಪುಟದ ವರದಿ ಮೇಲೆ ಒಂದು ಪುಟದ ಕವರಿಂಗ್ ಲೆಟರ್ ಇರುತ್ತೆ, ಅದರಲ್ಲಿ ಇರೋದು ಇದೊಂದೇ ಸಾಲು. ಯಾವ ಕ್ರಮ ಸ್ವಾಮೀ? ಯಾರು ತಗೋಬೇಕು? ಬರೆದವರಿಗೂ ಗೊತ್ತಿಲ್ಲ, ಓದುವವರಿಗೂ ಗೊತ್ತಾಗಬಾರದು ಅನ್ನೋದೇ ಉದ್ದೇಶ.

ಈ ಲೋಕ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 20 ಸಾವಿರ ಚದರ ಮೀಟರ್ ದಾಟಿದ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಸಾಮಾನ್ಯವಾಗಿ ಕೊಡೋದು ರಾಜ್ಯಮಟ್ಟದ ಪ್ರಾಧಿಕಾರ, ಜೊತೆಗೆ ಒಂದು ಉದ್ದನೆ ಷರತ್ತುಗಳ ಪಟ್ಟಿ. ಆ ಷರತ್ತುಗಳನ್ನು ಪಾಲಿಸುತ್ತಿದ್ದೀರಾ ಅಂತ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಕೇಂದ್ರ ಸಚಿವಾಲಯದ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ, ಅಲ್ಲಿಗೆ ಒಂದು ಪ್ರತಿ. ಪ್ರಾಧಿಕಾರಕ್ಕೊಂದು, ಮಾಲಿನ್ಯ ನಿಯಂತ್ರಣ ಮಂಡಳಿಗೊಂದು. ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತಿದೆ, ಅದನ್ನ ನಮ್ಮ ಕ್ಷೇತ್ರದವರು ಬೇಕಂತಲೇ ಮರೆಯುತ್ತಾರೆ: ಈ ವರದಿಗಳು ಸಾರ್ವಜನಿಕ ದಾಖಲೆಗಳು. ಯಾರು ಅರ್ಜಿ ಹಾಕಿದರೂ ಪ್ರತಿ ಕೊಡಬೇಕು.

ಈಗ ಒಂದು ಉದಾಹರಣೆ. ಹೆಸರು ಬೇಡ. ಬೆಂಗಳೂರಿನ ಅಂಚಿನಲ್ಲಿ 312 ಮನೆಗಳ ಒಂದು ಅಪಾರ್ಟ್‌ಮೆಂಟ್, ದಿನಕ್ಕೆ 200 ಸಾವಿರ ಲೀಟರಿನ ಕೊಳಚೆ ನೀರು ಸಂಸ್ಕರಣಾ ಘಟಕ. ಷರತ್ತು: ಸಂಸ್ಕರಿಸಿದ ನೀರಿನ ಬಿಓಡಿ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು, ಆ ನೀರನ್ನ ಫ್ಲಶ್‌ಗೆ ಮತ್ತು ಗಿಡಗಳಿಗೆ ಬಳಸಬೇಕು. (ಬಿಓಡಿ ಅಂದರೆ ನೀರಿನಲ್ಲಿರೋ ಕೊಳೆಯನ್ನ ಸೂಕ್ಷ್ಮಜೀವಿಗಳು ತಿಂದು ಮುಗಿಸೋಕೆ ಬೇಕಾಗೋ ಆಮ್ಲಜನಕ. ಜಾಸ್ತಿ ಇದ್ದಷ್ಟೂ ಕೊಳೆ ಜಾಸ್ತಿ.) ಜುಲೈ ಕೊನೆಗೆ ಗಾಳಿ ಊದುವ ತೊಟ್ಟಿಯ ತಳದಲ್ಲಿರೋ ರಬ್ಬರ್ ಪೊರೆಗಳು ಹರಿದವು. ಮೇಲೆ ನಿಂತು ನೋಡಿದರೇ ಗೊತ್ತಾಗುತ್ತಿತ್ತು: ತೊಟ್ಟಿ ಪೂರ್ತಿ ಸಣ್ಣ ಗುಳ್ಳೆ ಏಳೋ ಬದಲು ಒಂದು ಮೂಲೆಯಲ್ಲಿ ಮಾತ್ರ ಅನ್ನ ಕುದಿಯೋ ಹಾಗೆ ದೊಡ್ಡ ಗುಳ್ಳೆ, ಉಳಿದ ಕಡೆ ಸಪ್ಪೆ. ಆಗಸ್ಟಿನ ಬಿಓಡಿ 26, ಸೆಪ್ಟೆಂಬರಿನದು 18. ಆ ಎರಡು ತಿಂಗಳು ಫ್ಲಶ್‌ಗೆ ಬೋರ್‌ವೆಲ್ ನೀರು ಕೊಟ್ಟರು, ಘಟಕದ ನೀರು ಒಳಚರಂಡಿಗೆ ಹೋಯಿತು. ಪೊರೆ ಬದಲಿಸಿದ ಮೇಲೆ ಅಕ್ಟೋಬರಿನಲ್ಲಿ 7ಕ್ಕೆ ಇಳಿಯಿತು.

ಡಿಸೆಂಬರ್ ವರದಿ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗಿನದು. ಬಿಲ್ಡರ್ ಕಡೆ ಮ್ಯಾನೇಜರ್ ಕಳಿಸಿದ ಕರಡಿನಲ್ಲಿ ಆ ಷರತ್ತಿನ ಎದುರು ಒಂದೇ ಪದ: “ಪಾಲಿಸಲಾಗುತ್ತಿದೆ”. ಲಗತ್ತು 6ರಲ್ಲಿ, ಪುಟ 41ರಲ್ಲಿ, ಪ್ರಯೋಗಾಲಯದ ವರದಿ 26 ಅಂತ ಹೇಳುತ್ತಿದೆ! ಮೇಲಿನ ಪತ್ರದಲ್ಲಿ ಅದೇ ಅವಗಾಹನೆ, ಅದೇ ಸೂಕ್ತ ಕ್ರಮ. ಉಲ್ಲೇಖ ಅಂತ ಒಂದೇ ಒಂದು ಸಂಖ್ಯೆ, ಅನುಮತಿ ಪತ್ರದ್ದು. ಲಗತ್ತುಗಳು: “ಮೇಲಿನಂತೆ”. ಮೇಲೆ ಏನೂ ಇರಲಿಲ್ಲ :)

ನಾನು ಬರೆದು ಕೊಟ್ಟ ಪತ್ರ ಹೀಗಿತ್ತು. ಮೂಲ ಇಂಗ್ಲಿಷಿನದು, ಸಂಖ್ಯೆಗಳನ್ನ ಬಿಟ್ಟು ಕನ್ನಡದಲ್ಲಿ ಕೊಡ್ತಿದೀನಿ:

“ಉಲ್ಲೇಖ: 1. ಪ್ರಾಧಿಕಾರದ ಪರಿಸರ ಅನುಮತಿ ಪತ್ರದ ಸಂಖ್ಯೆ, ದಿನಾಂಕ. 2. ತಮ್ಮ ಕಚೇರಿಯ ಕಡತ ಸಂಖ್ಯೆ. 3. ಮಂಡಳಿಯ ಚಾಲನಾ ಸಮ್ಮತಿ ಸಂಖ್ಯೆ, ಅದರ ಅವಧಿ. 4. ಜೂನ್ ವರದಿಯ ನಮ್ಮ ಪತ್ರ, ಅದರ ಸ್ವೀಕೃತಿ ಸಂಖ್ಯೆ.

ಏಪ್ರಿಲ್–ಸೆಪ್ಟೆಂಬರ್ ಅವಧಿಯ ಅನುಪಾಲನಾ ವರದಿ ಲಗತ್ತಿಸಿದೆ. ಸಂಸ್ಕರಿಸಿದ ನೀರಿನ ಷರತ್ತನ್ನು ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಪಾಲಿಸಲಾಗಿಲ್ಲ. ಬಿಓಡಿ 26 ಮತ್ತು 18 ಇತ್ತು. ನೀರು ಮರುಬಳಕೆಯಾಗದೆ ಒಳಚರಂಡಿಗೆ ಹೋಗಿದೆ. ಕಾರಣ ಮತ್ತು ದುರಸ್ತಿಯ ವಿವರ ಲಗತ್ತು 7ರಲ್ಲಿ, ದುರಸ್ತಿಯ ನಂತರದ ಅಕ್ಟೋಬರ್ ಫಲಿತಾಂಶ ಲಗತ್ತು 8ರಲ್ಲಿದೆ.

ಕೋರಿಕೆ: ಪಕ್ಕದ ಜಾಗದಲ್ಲಿ ವಿಸ್ತರಣೆಗೆ ಅರ್ಜಿ ಸಲ್ಲಿಸಲು ಪ್ರಮಾಣೀಕೃತ ಅನುಪಾಲನಾ ವರದಿ ಬೇಕಾಗಿದೆ. ದಯವಿಟ್ಟು ಸ್ಥಳ ಪರಿಶೀಲನೆಗೆ ದಿನಾಂಕ ನಿಗದಿಪಡಿಸಬೇಕು.”

ಕೆಳಗೆ ಲಗತ್ತುಗಳ ಪಟ್ಟಿ, ಪ್ರತಿಯೊಂದಕ್ಕೂ ಪುಟ ಎಷ್ಟು ಅಂತ. ಅಷ್ಟೇ.

ಮ್ಯಾನೇಜರ್ ಫೋನ್ ಮಾಡಿದರು. “ಏನ್ ಸಾರ್, ಹೊಡೆಯೋಕೆ ನೀವೇ ಕೋಲು ಕೊಡ್ತೀರಲ್ಲ? ಲಗತ್ತಿನಲ್ಲಿ ಇದೆಯಲ್ಲ, ನೋಡೋರು ನೋಡ್ಕೋತಾರೆ ಬಿಡಿ.” ಈ ವಾದ ಬಹಳ ಕಡೆ ಕೇಳಿದ್ದೇನೆ. ಕೋಲು ಆಗಲೇ ಪುಟ 41ರಲ್ಲಿದೆ ಸ್ವಾಮೀ. ‘ಪಾಲಿಸಲಾಗುತ್ತಿದೆ’ ಅಂತ ಮೇಲೆ ಬರೆದರೆ ಅದು ಬರೀ ಕೆಟ್ಟ ಪೊರೆಯ ಕಥೆಯಾಗಿ ಉಳಿಯೋದಿಲ್ಲ, ಸುಳ್ಳು ಹೇಳಿಕೆಯ ಕಥೆಯಾಗುತ್ತೆ. ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದು ಮಾಡಬಹುದು ಅಂತ ಅದೇ ಅಧಿಸೂಚನೆ ಹೇಳುತ್ತೆ. ವಿಸ್ತರಣೆಯ ಅರ್ಜಿಗೆ ಈ ವರದಿಗಳೇ ಆಧಾರ. ಆ ಎರಡು ತಿಂಗಳು ಗಬ್ಬು ವಾಸನೆ ಕುಡಿದ 312 ಮನೆಯವರಲ್ಲಿ ಒಬ್ಬರು ಅರ್ಜಿ ಹಾಕಿ ಪ್ರತಿ ತಗೊಂಡರೆ ಸಾಕು.

ಉಲ್ಲೇಖಗಳ ವಿಷಯ. ಅನುಮತಿ ಕೊಟ್ಟ ಪ್ರಾಧಿಕಾರದ ಕಡತ ಬೇರೆ, ಪ್ರಾದೇಶಿಕ ಕಚೇರಿಯ ಕಡತ ಬೇರೆ. ಅವರ ಸಂಖ್ಯೆ ಬರೆಯದಿದ್ದರೆ ನಿಮ್ಮ ಪತ್ರ ಟಪಾಲಿನಲ್ಲಿ ಯಾವುದೋ ಕಡತ ಸೇರುತ್ತೆ, ಆಮೇಲೆ “ನಿಮ್ಮ ವರದಿ ಬಂದೇ ಇಲ್ಲ” ಅಂತ ನೋಟಿಸು. ಈಗೆಲ್ಲಾ ಇ-ಮೇಲು, ಆನ್‌ಲೈನು ಅಂತೀರಿ. ಅಲ್ಲೂ ಹಿಂದಿನ ಸಲದ ಸ್ವೀಕೃತಿಯೇ ನಿಮ್ಮ ಸಾಕ್ಷಿ.

ಆದರೆ ನನ್ನ ನಿಜವಾದ ಜಗಳ ಕೋರಿಕೆಯ ಜೊತೆ. ಕೇಳೋದಾದರೂ ಅವರು ಕೊಡಬಹುದಾದ್ದನ್ನೇ ಕೇಳಿ. ಪ್ರಾದೇಶಿಕ ಕಚೇರಿ ಸ್ಥಳ ನೋಡಬಹುದು, ಕಂಡಿದ್ದನ್ನ ಪ್ರಮಾಣೀಕರಿಸಬಹುದು. ಷರತ್ತು ಸಡಿಲಿಸೋ ಅಧಿಕಾರ ಅದಕ್ಕಿಲ್ಲ. ಅದಕ್ಕೆ ಅನುಮತಿ ಕೊಟ್ಟ ಪ್ರಾಧಿಕಾರದ ಮುಂದೆ ತಿದ್ದುಪಡಿ ಅರ್ಜಿ ಹಾಕಬೇಕು. ಚಾಲನಾ ಸಮ್ಮತಿಯ ಷರತ್ತಾದರೆ ಮಂಡಳಿಯ ಹತ್ತಿರ. ಮೂರೂ ಕಚೇರಿಗೆ ಒಂದೇ ಪತ್ರದ ಜೆರಾಕ್ಸ್ ಕಳಿಸಿ “ಸೂಕ್ತ ಕ್ರಮ” ಅಂದರೆ ಮೂವರೂ ಅದು ಇನ್ನೊಬ್ಬರ ಕೆಲಸ ಅಂತ ಕಡತ ಮುಚ್ಚುತ್ತಾರೆ, ಮುಚ್ಚೋದು ನ್ಯಾಯವೇ. ಇನ್ನು ಕೆಲವು ಬುದ್ಧಿವಂತರು “15 ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆಯೆಂದು ಭಾವಿಸುತ್ತೇವೆ” ಅಂತ ಸೇರಿಸುತ್ತಾರೆ. ನೀವು ಭಾವಿಸಿಕೊಂಡಿದ್ದಕ್ಕೆ ಅವರು ಬದ್ಧರಲ್ಲ.

ನಿಜ ಬರೆದ ಮಾತ್ರಕ್ಕೆ ಮಾಫಿ ಸಿಗುತ್ತೆ ಅಂತಲೂ ನಾನು ಹೇಳುತ್ತಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿ ಸೀದಾ ತೊಟ್ಟಿ ಹತ್ತಿರ ಹೋಗಿ ಗುಳ್ಳೆ ನೋಡಿದರು, ಪೊರೆ ಖರೀದಿಯ ಬಿಲ್ ಕೇಳಿದರು, ಒಳಚರಂಡಿಗೆ ಹೋಗೋ ಪೈಪಿನ ವಾಲ್ವ್ ಈಗ ಮುಚ್ಚಿದೆಯಾ ಅಂತ ತಿರುಗಿಸಿ ನೋಡಿದರು. ಪ್ರಮಾಣೀಕೃತ ವರದಿಯಲ್ಲಿ ಆ ಷರತ್ತಿನ ಎದುರು “ಭಾಗಶಃ ಪಾಲಿಸಲಾಗಿದೆ” ಅಂತ ಬಂತು, ಎರಡನೇ ಗಾಳಿ ಊದುವ ಯಂತ್ರವನ್ನ ಸಿದ್ಧವಾಗಿಡಿ ಅನ್ನೋ ಸೂಚನೆಯೂ ಬಂತು. ಮ್ಯಾನೇಜರ್‌ಗೆ ‘ಭಾಗಶಃ’ ಅನ್ನೋ ಪದದ ಮೇಲೆ ಈಗಲೂ ಕೋಪ. ವಿಸ್ತರಣೆಯ ಅರ್ಜಿ ಮಾತ್ರ ಆ ಕಾಗದದ ಜೊತೆಗೇ ಸಮಿತಿಗೆ ಹೋಗಿದೆ.

ಜೂನ್ ವರದಿಯ ಕರಡು ಮೊನ್ನೆ ಬಂತು. ಕೊನೇ ಸಾಲು ನೋಡಿದೆ: “ಅವಗಾಹನೆಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.” ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದೇನೆ.